‘ಎರಡು ಪಾವು’ ಕಿರುಚಿತ್ರ: ದೃಶ್ಯ 4ರ ಶಾಟ್ ಲಿಸ್ಟ್

ಜಾಗ: ಸರಸ್ವತಿಪುರಂ ಮನೆಯ ಅಡುಗೆಮನೆ, ಮೈಸೂರು. ಜನವರಿ, ಬೆಳಿಗ್ಗೆ 8.30ರಿಂದ 12.00.
ಸಾಮಾನು: ಒಂದು ಕ್ರಾಪ್ ಸೆನ್ಸರ್ ಡಿಎಸ್ಎಲ್ಆರ್, 18–55 ಕಿಟ್ ಲೆನ್ಸ್, 50 ಎಂಎಂ ಲೆನ್ಸ್, ಒಂದು ಟ್ರೈಪಾಡ್, ಒಂದು ಸಣ್ಣ ಎಲ್ಇಡಿ, ಎರಡು ಥರ್ಮಾಕೋಲ್ ಶೀಟು, ಟ್ರೇಸಿಂಗ್ ಪೇಪರ್, ಕಾಲರ್ ಮೈಕ್ ಸಿಕ್ಕಿಸಿದ ಒಂದು ಫೋನ್.
ಕೆಲಸಕ್ಕೆ: ನಿರ್ದೇಶಕಿ, ಕ್ಯಾಮೆರಾ, ಸೌಂಡ್, ಕಂಟಿನ್ಯುಯಿಟಿ. ನಾಲ್ಕೇ ಜನ.

ದೃಶ್ಯ

ಅಮ್ಮ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ರೂಪಾ ಕಟ್ಟೆಯ ಬಳಿ, ಅಮ್ಮನಿಗೆ ಬೆನ್ನು ಮಾಡಿ ನಿಂತು, ಅಕ್ಕಿ ಡಬ್ಬಿ ತೆಗೆಯುತ್ತಾಳೆ.
ಅಮ್ಮ: ಎರಡು ಪಾವು ಸಾಕು ಕಣೆ. ಅಪ್ಪ ಊಟಕ್ಕೆ ಬರಲ್ಲ.
ಅಕ್ಕಿಯೊಳಗೆ ಕೈ ಹಾಕಿದ ರೂಪಾಗೆ ಲಕೋಟೆ ಸಿಗುತ್ತದೆ. ತನ್ನದೇ ಹೆಸರು.
ರೂಪಾ: ಅಮ್ಮ, ಇದು ಯಾವಾಗ ಬಂತು?
ಅಮ್ಮ: ಯಾವುದು?
ರೂಪಾ: ಹೋದ ವಾರದ ಸೀಲಿದೆ.
ಅಮ್ಮ: ಎಸರು ಕಾದಿರಬೇಕು, ನೋಡು.
ರೂಪಾ ಲಕೋಟೆಯನ್ನು ಡಬ್ಬಿಯ ಪಕ್ಕ ಇಟ್ಟು, ಎರಡನೇ ಪಾವು ಅಳೆಯುತ್ತಾಳೆ.

ಸ್ಕ್ರಿಪ್ಟಿನ ಮೇಲೆ ಹಾಕಿದ ಗುರುತು

ದೃಶ್ಯ ತಿರುಗುವುದು ಮಾತಿನಲ್ಲಲ್ಲ, ಅಕ್ಕಿಯೊಳಗೆ ಕೈ ನಿಂತಾಗ. ಅಲ್ಲಿಯವರೆಗೆ ಗುಟ್ಟು ಅಮ್ಮನದು. ಅಲ್ಲಿಂದ ಮುಂದೆ, ಅಮ್ಮ ‘ಯಾವುದು?’ ಎನ್ನುವವರೆಗೆ, ಮಗಳಿಗೆ ಗೊತ್ತಾಗಿದೆ ಎಂಬುದು ಅಮ್ಮನಿಗೆ ಗೊತ್ತಿಲ್ಲ. ಈ ಮೂರ್ನಾಲ್ಕು ಸೆಕೆಂಡಿನಲ್ಲಿ ಇಬ್ಬರ ಮುಖವೂ ಒಂದೇ ಫ್ರೇಮಿನಲ್ಲಿ ಕಾಣಬೇಕು. ಕಟ್ ಮಾಡಿ ಕಟ್ ಮಾಡಿ ತೋರಿಸಿದರೆ ಅಮ್ಮ ನೋಡಿದಳೋ ಇಲ್ಲವೋ ಎಂಬ ಕಸಿವಿಸಿ ಹೋಗುತ್ತದೆ. ಪಟ್ಟಿಯಲ್ಲಿ 4ಬಿ ಹುಟ್ಟಿದ್ದು ಈ ಕಾರಣಕ್ಕೆ, ಉಳಿದ ಶಾಟ್‌ಗಳು ಅದರ ಸುತ್ತ.

ನೆಲದ ನಕ್ಷೆ

ಕಿಟಕಿ ಮತ್ತು ಕಟ್ಟೆ ಪೂರ್ವಕ್ಕೆ, ಬಾಗಿಲು ದಕ್ಷಿಣಕ್ಕೆ. ಅಮ್ಮ ಕೂರುವುದು ಕಟ್ಟೆಯಿಂದ ಎಂಟು ಅಡಿ ದೂರ, ಪಶ್ಚಿಮದ ಗೋಡೆಗೆ ಒರಗಿ. ರೂಪಾಳಿಂದ ಅಮ್ಮನವರೆಗೆ ಎಳೆದ ಗೆರೆಯ ಬಾಗಿಲ ಕಡೆಯಲ್ಲೇ ಕ್ಯಾಮೆರಾ ಇರಬೇಕು, ಉತ್ತರಕ್ಕೆ ದಾಟಬಾರದು. ಆಗ ಎಲ್ಲ ಶಾಟ್‌ನಲ್ಲೂ ಅಮ್ಮ ಎಡಕ್ಕೆ, ರೂಪಾ ಬಲಕ್ಕೆ. ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ, ಜಾಗ ಚಿಕ್ಕದಿದ್ದಾಗಲೇ ಗೆರೆ ದಾಟುವುದು ಸುಲಭ.

ಎಲ್ಲ ಶಾಟ್‌ಗೂ: 25 ಫ್ರೇಮ್, ಶಟರ್ 1/50, ವೈಟ್ ಬ್ಯಾಲೆನ್ಸ್ 5600ಕ್ಕೆ ಲಾಕ್, ಆಟೋ ಯಾವುದೂ ಬೇಡ. ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಟ್ಯೂಬ್‌ಲೈಟು ಫ್ರೇಮಿನಲ್ಲಿ ಮಿನುಗುತ್ತದೆ. ಹೇಗೂ ಟ್ಯೂಬ್ ಆರಿಸಿರಿ, ಅದರ ಹಸಿರು ಛಾಯೆ ಕಿಟಕಿ ಬೆಳಕಿಗೆ ಒಗ್ಗುವುದಿಲ್ಲ. ಕಿಟಕಿಯ ಹೊರಗಡೆ ಟ್ರೇಸಿಂಗ್ ಪೇಪರ್ ಅಂಟಿಸಿ. ಇಲ್ಲವಾದರೆ ಕಟ್ಟೆಯ ಮೇಲಿನ ಬಿಸಿಲ ಪಟ್ಟೆ ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ, ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡುವುದೇ ಇಲ್ಲ.

ಶಾಟ್‌ಗಳು, ಚಿತ್ರೀಕರಿಸುವ ಕ್ರಮದಲ್ಲಿ

4ಎ. ವೈಡ್. 8.50–9.40.
ಹೊಸಿಲ ಮೇಲೆ ಟ್ರೈಪಾಡ್, 20 ಎಂಎಂ, ಎಫ್/4, ಕ್ಯಾಮೆರಾ ನಾಲ್ಕು ಅಡಿ ಎತ್ತರ. ಕಿಟಕಿಯ ಚೌಕಟ್ಟು ಫ್ರೇಮಿನ ಬಲ ಅಂಚಿನಿಂದ ಹೊರಗೆ. ದೃಶ್ಯ ಮೊದಲಿಂದ ಕೊನೆವರೆಗೆ ನಿಲ್ಲಿಸದೆ. ಎರಡು ಒಳ್ಳೆ ಟೇಕ್ ಸಿಕ್ಕರೆ ಮುಂದಕ್ಕೆ ಹೋಗಿ. ಮೊದಲ ಶಾಟ್ ಆದ್ದರಿಂದ ಇದನ್ನೇ ತಿದ್ದುತ್ತಾ ಕೂರುವ ಆಸೆ ಆಗುತ್ತದೆ, ಆದರೆ ಚಿತ್ರದಲ್ಲಿ ಉಳಿಯುವುದು ಆರಂಭದ ಎಂಟು ಸೆಕೆಂಡು, ಕೊನೆಯ ಐದು ಸೆಕೆಂಡು ಅಷ್ಟೇ.

4ಬಿ. ಇಬ್ಬರೂ ಒಂದೇ ಫ್ರೇಮಿನಲ್ಲಿ. 9.40–10.50.
ಟ್ರೈಪಾಡ್ ಕಾಲು ಚಾಚದೆ ಕಟ್ಟೆಯ ದಕ್ಷಿಣದ ತುದಿಯಲ್ಲಿ ಇಡಿ, ಲೆನ್ಸ್ ವಾಯವ್ಯಕ್ಕೆ. 35 ಎಂಎಂ. ರೂಪಾ ಎದೆಯಿಂದ ಮೇಲಕ್ಕೆ, ಮುಖ ಕಿಟಕಿಗೆ. ಅವಳ ಹಿಂದೆ ಎಡಕ್ಕೆ, ಕೆಳಗೆ ಅಮ್ಮ. ಎಫ್/5.6 ಇಡಿ, ಅಮ್ಮ ಮಸುಕಾದರೂ ತಲೆ ಎತ್ತಿದ್ದು ತಿಳಿಯಬೇಕು. 50 ಎಂಎಂ ಹಾಕಿ ಎಫ್/1.8ಕ್ಕೆ ತೆರೆದರೆ ಅಮ್ಮ ಬರೀ ಬಣ್ಣದ ಮುದ್ದೆ. ಜೊತೆಗೆ ರೂಪಾ ಎರಡಿಂಚು ಮುಂದೆ ಬಾಗಿದರೂ ಫೋಕಸ್ ತಪ್ಪುತ್ತದೆ. ಬೆಳಕು ಸಾಲದಿದ್ದರೆ ಐಎಸ್ಒ 800, ಬೇಕಿದ್ದರೆ 1600. ಅಮ್ಮನ ಕಡೆ ಕತ್ತಲಾದರೆ ಬಾಗಿಲ ಬಳಿ ಥರ್ಮಾಕೋಲ್ ಹಿಡಿದು ಬೆಳಕು ಹೊಡೆಸಿ.
ಫೋಕಸ್ ರೂಪಾಳ ಕಣ್ಣಿನ ಮೇಲೇ ಕಡೆತನಕ. ‘ಯಾವುದು?’ ಎಂದಾಗ ಅಮ್ಮನ ಮೇಲೆ ಫೋಕಸ್ ಬದಲಿಸಬೇಡಿ; ನಾವು ಮಗಳ ಜೊತೆ ಇದ್ದೇವೆ.
ಅಮ್ಮನ ಪಾತ್ರಧಾರಿಗೆ ಒಂದೇ ಸೂಚನೆ: ಮಾತಾಡುವ ಮೊದಲು ಕೈ ನಿಲ್ಲಲಿ, ತಲೆ ಆಮೇಲೆ ಎತ್ತಲಿ. ಐದಾರು ಟೇಕ್ ಬೇಕಾಗಬಹುದು, ಸಮಯ ಅದಕ್ಕೇ ಹೆಚ್ಚು ಇಟ್ಟಿದೆ.

4ಸಿ. ಅಮ್ಮನ ಮಿಡ್ ಕ್ಲೋಸ್. 10.50–11.20.
50 ಎಂಎಂ, ಎಫ್/2.8, ಕ್ಯಾಮೆರಾ ನೆಲದಿಂದ ಎರಡಡಿ, ಅಂದರೆ ಅಮ್ಮನ ಕಣ್ಣಿನ ಮಟ್ಟಕ್ಕೆ. ನಿಂತ ಎತ್ತರದಿಂದ ತೆಗೆದರೆ ಅಮ್ಮ ತಪ್ಪಿತಸ್ಥೆಯ ಹಾಗೆ ಕಾಣುತ್ತಾಳೆ. ‘ಯಾವುದು?’ನಿಂದ ಕೊನೆವರೆಗೆ. ರೂಪಾ ಕ್ಯಾಮೆರಾದ ಬಲಕ್ಕೇ ನಿಂತು ತನ್ನ ಮಾತು ಹೇಳಲಿ, ಅಮ್ಮನ ನೋಟ ಅತ್ತ ಹೋಗಬೇಕು.

4ಡಿ. ಅಕ್ಕಿಯೊಳಗೆ ಕೈ, 4ಇ. ಅಂಚೆ ಸೀಲು. 11.20–11.45.
ಎರಡಕ್ಕೂ ಕಿಟ್ ಲೆನ್ಸ್ 55ರಲ್ಲಿ. 50 ಎಂಎಂ ಒಂದಡಿಗಿಂತ ಹತ್ತಿರ ಫೋಕಸ್ ಹಿಡಿಯದು. ಎಲ್ಇಡಿಯನ್ನು ಕಿಟಕಿ ಕಡೆಯಿಂದಲೇ ಹಾಕಿ, ಬೇರೆ ಕಡೆಯಿಂದ ಹಾಕಿದರೆ ನೆರಳು ಸುಳ್ಳು ಹೇಳುತ್ತದೆ. ಸೀಲು ಕನಿಷ್ಠ ನಾಲ್ಕು ಸೆಕೆಂಡು ಅಲುಗದೆ ಇರಲಿ, ಓದಲು ಅಷ್ಟು ಬೇಕು. 4ಡಿ ಕೋನದಲ್ಲೇ ಎರಡನೇ ಪಾವು ಸುರಿಯುವುದನ್ನೂ ಮುಗಿಸಿಬಿಡಿ.

4ಎಫ್. ಅವರೆಕಾಯಿ ಬಿಡಿಸುವ ಕೈ. ಹೊತ್ತು ಉಳಿದರೆ ಮಾತ್ರ. 4ಬಿ ಟೇಕ್‌ಗಳು ಜೋಡಿಸಲು ಬಾರದಿದ್ದರೆ ನಡುವೆ ಹಾಕಲು ಒದಗುತ್ತದೆ.

ತಡವಾದರೆ 4ಎಫ್ ಬಿಡಿ, ಆಮೇಲೆ 4ಸಿ. ರೂಪಾಳ ಹಿಂದೆ ಕ್ಯಾಮೆರಾ ಹಿಡಿದು ನಡೆಯುವ ಶಾಟ್ ಮೊದಲ ಕರಡಿನಲ್ಲಿತ್ತು, ತೆಗೆದಿದ್ದೇವೆ: ಗಿಂಬಲ್ ಇಲ್ಲ, ನಡೆಯಲು ಜಾಗವೂ ಇಲ್ಲ.

ಸೌಂಡ್

ಮೈಕ್ ಒಂದೇ. 4ಎ, 4ಬಿಯಲ್ಲಿ ರೂಪಾಳ ದುಪಟ್ಟಾ ಒಳಗೆ, 4ಸಿಯಲ್ಲಿ ಅಮ್ಮನ ಸೆರಗಿನ ಮಡಿಕೆಯಲ್ಲಿ. 4ಎಯಲ್ಲಿ ಅಮ್ಮನ ಮಾತು ದೂರದಿಂದ ಬಂದ ಹಾಗೆ ಕೇಳುತ್ತದೆ, ಆದ್ದರಿಂದ 4ಬಿ ಮುಗಿದ ಕೂಡಲೇ ಅವಳ ಮೂರೂ ಮಾತನ್ನು ಒಂದಡಿ ದೂರದಿಂದ ಬೇರೆಯಾಗಿ ರೆಕಾರ್ಡ್ ಮಾಡಿ, ಅದೇ ಲಯದಲ್ಲಿ. ಮಾತಿರುವ ಪ್ರತಿ ಟೇಕ್‌ಗೂ ಕ್ಯಾಮೆರಾ ಮುಂದೆ ಚಪ್ಪಾಳೆ. ಯಾರೂ ಮಾತಾಡದ ಅಡುಗೆಮನೆಯ ಸದ್ದು ಮೂವತ್ತು ಸೆಕೆಂಡು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಟೇಕ್ ನಿಲ್ಲಿಸಿ, ಮೂರು ಸೀಟಿ ಆಗುವವರೆಗೆ ಕಾಯಿರಿ.

ಕಂಟಿನ್ಯುಯಿಟಿ

ಬಿಡಿಸಿದ ಕಾಳಿನ ರಾಶಿ ಟೇಕಿನಿಂದ ಟೇಕಿಗೆ ಬೆಳೆಯುತ್ತದೆ. ಎರಡು ಕೆಜಿ ಅವರೆಕಾಯಿ ತಂದು, ಪ್ರತಿ ಟೇಕ್‌ಗೆ ಮುಂಚೆ ಬಟ್ಟಲಿನ ಕಾಳು ಅರ್ಧಕ್ಕೆ ಇಳಿಸಿ, ಸಿಪ್ಪೆ ತೆಗೆದುಬಿಡಿ. ಒಂದೇ ತರಹದ ಲಕೋಟೆ ನಾಲ್ಕು ಬೇಕು, ಅಕ್ಕಿಯಲ್ಲಿ ಹೂತಾಗ ಮೂಲೆ ಮಡಚಿಕೊಳ್ಳುತ್ತದೆ. ರೂಪಾ ಡಬ್ಬಿಗೆ ಹಾಕುವುದು ಬಲಗೈ, ಅದರಲ್ಲಿ ಗಾಜಿನ ಬಳೆ ಬೇಡ: ಡಬ್ಬಿಗೆ ತಾಗಿ ಸದ್ದಾಗುತ್ತದೆ.

ಸದ್ದು ರೆಕಾರ್ಡ್ ಆಗದಂತೆ ಫ್ರಿಜ್ ಆರಿಸುವವರು ತಮ್ಮ ಗಾಡಿ ಕೀಯನ್ನು ಅದರೊಳಗೆ ಇಡಲಿ, ಮತ್ತೆ ಆನ್ ಮಾಡದೆ ಮನೆಗೆ ಹೋಗಲಾಗದು.