ಮೊದಲ ಭೇಟಿಯ ಟಿಪ್ಪಣಿ (ಗೋಪ್ಯ)

ವಿದ್ಯಾರ್ಥಿ: ಕಡತ ಸಂಖ್ಯೆ 9/17, ಹುಡುಗ, ವಯಸ್ಸು 14, ಒಂಬತ್ತನೆಯ ತರಗತಿ
ಭೇಟಿ: ಮಂಗಳವಾರ, ಬೆಳಿಗ್ಗೆ 11.10ರಿಂದ 11.50, ಆಪ್ತಸಮಾಲೋಚನಾ ಕೊಠಡಿ
ಕಳುಹಿಸಿದವರು: ತರಗತಿ ಶಿಕ್ಷಕಿ

ಕಳುಹಿಸಿದ ಕಾರಣ

ಸುಮಾರು ಎರಡು ತಿಂಗಳಿಂದ ಹುಡುಗ ತರಗತಿಯಲ್ಲಿ ಮಾತನಾಡುತ್ತಿಲ್ಲ, ಹಾಜರಿ ಕರೆದಾಗಲೂ ಕೈಯೆತ್ತಿ ಸುಮ್ಮನಾಗುತ್ತಾನೆ, ಊಟದ ವಿರಾಮದಲ್ಲಿ ಒಬ್ಬನೇ ಮೆಟ್ಟಿಲ ಬಳಿ ಕುಳಿತಿರುತ್ತಾನೆ ಎಂದು ಶಿಕ್ಷಕಿ ಬರೆದು ಕೊಟ್ಟಿದ್ದಾರೆ. ಲಿಖಿತ ಪರೀಕ್ಷೆಯ ಅಂಕಗಳು ಹೆಚ್ಚು ಕುಸಿದಿಲ್ಲ. ಭಾಷಾ ವಿಷಯಗಳ ಮೌಖಿಕ ಅಂಕಗಳು ಮಾತ್ರ ಸೊನ್ನೆಗೆ ಬಂದಿವೆ. ಶಿಕ್ಷಕಿಯವರು ಇದನ್ನು ‘ಹಟ’ ಎಂದು ಕರೆದಿದ್ದರು. ಬರಹದಲ್ಲಿ ಸರಿಯಾಗಿರುವ ಮಗು ಮಾತಿನಲ್ಲಿ ಮಾತ್ರ ಹಿಂದೆ ಸರಿದಿರುವುದನ್ನು ನಾನು ಹಾಗೆ ಓದಲಾರೆ.

ಭೇಟಿಯ ವಿವರ

ಹುಡುಗ ಹೇಳಿದ ಸಮಯಕ್ಕೆ ತಾನಾಗಿಯೇ ಬಂದನು. ಉಡುಪು ಅಚ್ಚುಕಟ್ಟಾಗಿತ್ತು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕುರುಹು ಕಾಣುತ್ತಿತ್ತು. ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕುಳಿತನು. ಇಲ್ಲಿ ಆಡಿದ ಮಾತು ಇಲ್ಲಿಯೇ ಉಳಿಯುತ್ತದೆ ಎಂಬುದನ್ನೂ, ಅವನ ಜೀವಕ್ಕಾಗಲಿ ಬೇರೊಬ್ಬರ ಜೀವಕ್ಕಾಗಲಿ ಅಪಾಯವಿದೆ ಎಂದು ಕಂಡರೆ ಅಥವಾ ಯಾರಾದರೂ ಅವನನ್ನು ಹಿಂಸಿಸುತ್ತಿದ್ದಾರೆ ಎಂದು ತಿಳಿದರೆ ಮಾತ್ರ ನಾನು ಹೊಣೆಯಿರುವ ಹಿರಿಯರಿಗೆ ತಿಳಿಸಬೇಕಾಗುತ್ತದೆ ಎಂಬುದನ್ನೂ ಮೊದಲಿಗೇ ಹೇಳಿದೆನು. ಅರ್ಥವಾಯಿತೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿದನು.

ಮೊದಲ ಹತ್ತು ನಿಮಿಷ ಅವನು ಒಂದು ಮಾತನ್ನೂ ಆಡಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು ನಡೆದೇ ಇತ್ತು. ಈ ಹೊತ್ತಿನಲ್ಲಿ ನನ್ನಿಂದ ಒಂದು ತಪ್ಪಾಯಿತು: ಮನೆಯಲ್ಲಿ ಯಾರ್ಯಾರಿದ್ದಾರೆ, ಗೆಳೆಯರು ಯಾರು ಎಂದು ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಬಿಟ್ಟೆನು. ಅವನು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದನು. ಆಮೇಲೆ ಪ್ರಶ್ನೆ ಕೇಳುವುದನ್ನು ಬಿಟ್ಟು, ಮೇಜಿನ ಮೇಲೆ ಹಾಳೆಯನ್ನಿಟ್ಟು, ಮಾತನಾಡಲೇಬೇಕೆಂದಿಲ್ಲ, ಬರೆದರೂ ಆದೀತು, ಸುಮ್ಮನೆ ಕುಳಿತರೂ ಆದೀತು ಎಂದು ಹೇಳಿ ನನ್ನ ಕಾಗದಗಳನ್ನು ಜೋಡಿಸತೊಡಗಿದೆನು.

ಸ್ವಲ್ಪ ಹೊತ್ತಿನ ನಂತರ ಅವನು ಗೋಡೆಯ ಗಡಿಯಾರವನ್ನು ನೋಡಿ, ಬಹಳ ಮೆಲ್ಲಗೆ, “ಅದು ಐದು ನಿಮಿಷ ಹಿಂದಿದೆ” ಎಂದನು. ತಾನಾಗಿಯೇ ಆಡಿದ ಮೊದಲ ಮಾತು ಇದು. ‘ಐದು’ ಎನ್ನುವಾಗ ಧ್ವನಿ ಒಡೆದು ಸಣ್ಣಗಾಯಿತು. ಕೂಡಲೇ ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಂತೆ ಮಾಡಿ ತಲೆ ತಗ್ಗಿಸಿದನು. ಧ್ವನಿಯ ವಿಚಾರವನ್ನು ನಾನು ಎತ್ತಲಿಲ್ಲ. ಗಡಿಯಾರ ಏಕೆ ಹಿಂದೆ ಬೀಳುತ್ತದೆ ಎಂದು ಕೇಳಿದಾಗ, ಬ್ಯಾಟರಿ ಸೋತಿರಬಹುದು ಎಂದು ಹಾಳೆಯಲ್ಲಿ ಬರೆದು, ಮನೆಯಲ್ಲಿ ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತೇನೆ ಎಂದು ಸೇರಿಸಿದನು. ಚೀಲ ಹೆಗಲಿನಿಂದ ಇಳಿದದ್ದು ಆಗಲೇ.

ಅಲ್ಲಿಂದ ಮುಂದೆ ಹೆಚ್ಚಿನದೆಲ್ಲ ಬರಹದಲ್ಲಿಯೇ ನಡೆಯಿತು. ಎರಡು ತಿಂಗಳ ಹಿಂದೆ ಪಾಠವನ್ನು ಗಟ್ಟಿಯಾಗಿ ಓದುತ್ತಿರುವಾಗ ಧ್ವನಿ ಒಡೆದು ತರಗತಿಯೆಲ್ಲ ನಕ್ಕಿತೆಂದೂ, ಯಾರೋ ಅದನ್ನು ಫೋನಿನಲ್ಲಿ ಹಿಡಿದು ಸಹಪಾಠಿಗಳ ಗುಂಪಿಗೆ ಹಾಕಿದರೆಂದೂ, ಮರುದಿನದಿಂದ ಅವನು ಬಾಯಿ ತೆರೆದರೆ ಹಿಂದಿನ ಬೆಂಚಿನಿಂದ ಅದೇ ಸ್ವರದ ಅಣಕ ಕೇಳಿಬರುತ್ತದೆಂದೂ ಬರೆದನು. ಅವನದೇ ಮಾತಿನಲ್ಲಿ: “ನಾನು ಮಾತಾಡಿದ್ರೆ ಎಲ್ರೂ ಕಾಯ್ತಾ ಇರ್ತಾರೆ. ಮಾತಾಡದಿದ್ರೆ ಯಾರೂ ನೋಡಲ್ಲ.” ಹಾಕಿದವರ ಹೆಸರನ್ನು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಇಬ್ಬರು ಹಳೆಯ ಗೆಳೆಯರೂ ಅಂದು ನಕ್ಕಿದ್ದರಂತೆ. ಈ ಒಂದು ಸಾಲನ್ನು ಬರೆದು ಹೊಡೆದುಹಾಕಿ, ಕೆಳಗೆ ಮತ್ತೆ ಬರೆದನು.

ರಾತ್ರಿ ಒಂದು ಗಂಟೆಯವರೆಗೂ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆ ನೋಯುತ್ತದೆ, ರಜೆಯ ದಿನ ನೋಯುವುದಿಲ್ಲ ಎಂದನು. ಊಟ ಎಂದಿನಂತಿದೆ. ಮನೆಯಲ್ಲಿ ತಂಗಿಯೊಡನೆ ಮಾತನಾಡುತ್ತಾನೆ. ತಾಯಿ ತಂದೆಗೆ ಈ ಸಂಗತಿ ತಿಳಿದಿಲ್ಲ.

ಸುರಕ್ಷತೆಯ ಪರಿಶೀಲನೆ

ಬೇಸರ ಹೆಚ್ಚಾದಾಗ ಕೆಲವು ಮಕ್ಕಳಿಗೆ ಬದುಕುವುದೇ ಬೇಡ ಎನ್ನಿಸುವುದುಂಟು, ನಿನಗೆ ಹಾಗೆ ಎಂದಾದರೂ ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆನು. ಅವನು ನನ್ನನ್ನು ನೇರವಾಗಿ ನೋಡಿ, “ಇಲ್ಲ. ಶಾಲೆಗೆ ಬರೋದು ಬೇಡ ಅನ್ಸುತ್ತೆ, ಅಷ್ಟೇ” ಎಂದು ಬಾಯಿಬಿಟ್ಟು ಹೇಳಿದನು. ತನ್ನನ್ನು ತಾನು ನೋಯಿಸಿಕೊಂಡಿಲ್ಲ, ಹಾಗೆ ಮಾಡಿಕೊಳ್ಳುವ ಯೋಚನೆಯೂ ಇಲ್ಲ ಎಂದನು. ಮನೆಯಲ್ಲಿ ಹೊಡೆತ, ಬೆದರಿಕೆ ಇಲ್ಲವೆಂದು ಪ್ರತ್ಯೇಕವಾಗಿ ಕೇಳಿ ತಿಳಿದುಕೊಂಡೆನು. ಸದ್ಯಕ್ಕೆ ತಕ್ಷಣದ ಅಪಾಯ ಕಾಣುವುದಿಲ್ಲ. ಮೊದಲ ಭೇಟಿಯಲ್ಲಿ ಮಕ್ಕಳು ಎಲ್ಲವನ್ನೂ ಹೇಳುವುದಿಲ್ಲವಾದ್ದರಿಂದ ಮುಂದಿನ ಭೇಟಿಯಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು.

ನನ್ನ ಅಭಿಪ್ರಾಯ

ಇದು ರೋಗನಿರ್ಣಯವಲ್ಲ. ಮೌನವು ಅವನ ಸ್ವಭಾವಕ್ಕಿಂತ ಹೆಚ್ಚಾಗಿ ಅಣಕದಿಂದ ತಪ್ಪಿಸಿಕೊಳ್ಳಲು ಅವನೇ ಕಂಡುಕೊಂಡ ದಾರಿಯಂತೆ ತೋರುತ್ತದೆ. ತಂಗಿಯೊಡನೆ ಮಾತು ಉಳಿದಿರುವುದು, ಗಡಿಯಾರದ ಕೆಲಸದಲ್ಲಿ ಆಸಕ್ತಿ ಬತ್ತದಿರುವುದು, ಹೊಟ್ಟೆನೋವು ಶಾಲೆಯ ದಿನಗಳಿಗಷ್ಟೇ ಸೀಮಿತವಾಗಿರುವುದು ಇದಕ್ಕೆ ಪೂರಕವಾಗಿವೆ. ಆದರೂ ಎರಡು ತಿಂಗಳ ನಿದ್ದೆಗೇಡನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹದಿಹರೆಯದವರಲ್ಲಿ ಖಿನ್ನತೆ ದುಃಖದ ಬದಲು ಸಿಡುಕಿನ ರೂಪದಲ್ಲಿಯೂ ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಅವನು ಹೇಗಿದ್ದಾನೆ ಎಂಬುದು ಅವನೊಬ್ಬನ ಮಾತಿನಿಂದ ತಿಳಿಯುವಂಥದ್ದಲ್ಲ. ನಿದ್ದೆ ಸುಧಾರಿಸದಿದ್ದರೆ ಅಥವಾ ಆಸಕ್ತಿ ಕುಂದಿದರೆ ವೈದ್ಯರ ಬಳಿಗೆ ಕಳುಹಿಸಬೇಕು.

ಒಪ್ಪಿಕೊಂಡದ್ದು, ಒಪ್ಪದೇ ಉಳಿದದ್ದು

ಗಟ್ಟಿಯಾಗಿ ಓದುವುದರಿಂದ ಸದ್ಯಕ್ಕೆ ವಿನಾಯಿತಿ ಕೊಡಿರೆಂದು, ಕಾರಣ ಹೇಳದೆ, ಶಿಕ್ಷಕಿಯವರನ್ನು ಕೇಳಲು ಅವನು ಒಪ್ಪಿದ್ದಾನೆ. ಇಂದೇ ಕೇಳಿದ್ದೇನೆ, ಅವರು ಎರಡು ವಾರಗಳ ಮಟ್ಟಿಗೆ ಒಪ್ಪಿದ್ದಾರೆ, ಮೌಖಿಕ ಪರೀಕ್ಷೆಯನ್ನು ತಮ್ಮೊಬ್ಬರ ಎದುರಿಗೆ ತೆಗೆದುಕೊಳ್ಳುವುದಾಗಿಯೂ ಹೇಳಿದ್ದಾರೆ. ವಿನಾಯಿತಿಯನ್ನು ಹೆಚ್ಚು ದಿನ ಎಳೆಯಬಾರದು. ಮಾತನ್ನು ತಪ್ಪಿಸಿಕೊಳ್ಳುವುದೇ ರೂಢಿಯಾದರೆ ಮರಳಿ ಬರುವುದು ಇನ್ನೂ ಕಷ್ಟವಾಗುತ್ತದೆ.

ಮನೆಯವರಿಗೆ ತಿಳಿಸಲು ಅವನು ಒಪ್ಪಲಿಲ್ಲ. ವಿಡಿಯೋದ ವಿಚಾರವನ್ನು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡನು. ಅದನ್ನು ಹೇಳದೇ ಇರುತ್ತೇನೆ ಎಂದು ನಾನು ಮಾತು ಕೊಡಲಿಲ್ಲ. ಅದು ಇನ್ನೂ ಹರಿದಾಡುತ್ತಿದ್ದರೆ ಕಣ್ಣುಮುಚ್ಚಿ ಕೂರಲು ನನಗೆ ಸಾಧ್ಯವಿಲ್ಲ, ಆದರೆ ಯಾವ ಹೆಜ್ಜೆ ಇಡುವ ಮುನ್ನವೂ ನಿನಗೆ ತಿಳಿಸುತ್ತೇನೆ ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ಮೊದಲು ನನಗೆ ಹೇಳ್ಬೇಕು” ಎಂದನು. ಈ ಮಾತನ್ನು ನಾನು ಉಳಿಸಿಕೊಳ್ಳಬೇಕು. ಹೆಸರಾಗಲಿ ಗುರುತಾಗಲಿ ಬಿಟ್ಟುಕೊಡದೆ ನನ್ನ ಮೇಲ್ವಿಚಾರಕರೊಡನೆ ಈ ಒಂದು ಅಂಶವನ್ನು ನಾಳೆಯೇ ಚರ್ಚಿಸುತ್ತೇನೆ.

ಮುಂದಿನ ಭೇಟಿ

ಶುಕ್ರವಾರ, ಇದೇ ಸಮಯ. ತರಗತಿಯ ನಡುವೆ ಕರೆಸಿದರೆ ಎಲ್ಲರ ಕಣ್ಣಿಗೆ ಬೀಳುತ್ತಾನಾದ್ದರಿಂದ ಚೀಟಿ ಕಳುಹಿಸುವುದಿಲ್ಲ, ಅವನೇ ಬರುತ್ತಾನೆ. ಅಷ್ಟರಲ್ಲಿ ಮಲಗಿದ, ಎದ್ದ ಸಮಯವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ವಿಡಿಯೋ ಈಗಲೂ ಗುಂಪಿನಲ್ಲಿದೆಯೇ ಎಂಬುದನ್ನು ಮೊದಲು ಕೇಳಬೇಕು. ಗಡಿಯಾರದ ಬ್ಯಾಟರಿಯನ್ನು ಬದಲಿಸಬಾರದು. ಶುಕ್ರವಾರ ತಾನೇ ಬಿಚ್ಚಿ ನೋಡುವುದಾಗಿ ಹೇಳಿದ್ದಾನೆ.

ಶಾಲಾ ಆಪ್ತಸಮಾಲೋಚಕಿ