ಅಜ್ಜಿ ಕಡೆಗೆ ಐದು ಹೆಜ್ಜೆ

ಈ ಫೋಟೋದಲ್ಲಿ ಪುಟ್ಟಿ ನಡೆಯುತ್ತಿಲ್ಲ. ಬಟ್ಟೆ ರಾಶಿಯ ಮಧ್ಯೆ ಕೂತಿದ್ದಾಳೆ. ಅವಳು ಮೊದಲ ಸಲ ನಡೆದಾಗ ನಮ್ಮ ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಇರದೇ ಇದ್ದದ್ದೇ ಒಳ್ಳೆಯದಾಯಿತು ಅನಿಸುತ್ತಿದೆ.

ನಿನ್ನೆ ಸಂಜೆ ಅಜ್ಜಿ ಸೋಫಾದಿಂದ ಸ್ವಲ್ಪ ದೂರ, ಅದಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಅಣ್ಣ ಮೇಜಿನ ಹತ್ತಿರ ಹೋಮ್‌ವರ್ಕ್ ಮಾಡುತ್ತಿದ್ದ. ಅಪ್ಪ ಆಗ ತಾನೇ ಬಂದು ಶೂ ಬಿಚ್ಚುತ್ತಿದ್ದರು. ಪುಟ್ಟಿ ಎಂದಿನ ಹಾಗೆ ಸೋಫಾ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು. ಒಂದು ಕೈಯಲ್ಲಿ ಬಟ್ಟೆ ಕ್ಲಿಪ್ಪು. ಇನ್ನೊಂದು ಕ್ಲಿಪ್ಪು ಸೋಫಾ ಮೇಲೆ ಕಂಡಿತು. ಅದನ್ನೂ ಎತ್ತಿಕೊಂಡಳು. ಈಗ ಎರಡೂ ಕೈ ತುಂಬಿದವು. ಸೋಫಾ ಹಿಡಿಯುವುದು ಮರೆತೇ ಹೋಯಿತು.

ಹಾಗೇ ತಿರುಗಿ ಅಜ್ಜಿ ಕಡೆ ಹೊರಟಳು.

ತೋಳೆರಡೂ ಮೇಲೆ, ಹೊಟ್ಟೆ ಮುಂದೆ, ಕಾಲು ಅಗಲ. ಕಾಲ್ಬೆರಳು ನೆಲವನ್ನು ಕಚ್ಚಿ ಹಿಡಿದಂತೆ ಮಡಚಿಕೊಂಡಿದ್ದವು. ಪ್ರತಿ ಹೆಜ್ಜೆಗೂ ಒಂದು ಕ್ಷಣ ನಿಂತು ಓಲಾಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಅಪ್ಪ ಒಂದು ಶೂ ಕೈಯಲ್ಲೇ ಹಿಡಿದು ಹಾಗೇ ಬಗ್ಗಿ ನಿಂತುಬಿಟ್ಟರು. ಬೆಚ್ಚಿ ಬಿದ್ದರೆ ಅಂತ ಭಯ ನಮಗೆ.

ಐದನೇ ಹೆಜ್ಜೆಗೆ ಕ್ಲಿಪ್ಪಿನ ಸಮೇತ ಆ ಪುಟ್ಟ ಕೈ ಅಜ್ಜಿಯ ಬೆನ್ನಿಗೆ ತಗುಲಿತು.

"ಇರೋ ಮರಿ, ಇದೊಂದು ಮಡಚಿ ಬರ್ತೀನಿ" ಅಂದರು ಅಜ್ಜಿ, ತಿರುಗದೆ.

"ಅಜ್ಜೀ, ನಾನು ಇಲ್ಲಿದ್ದೀನಿ" ಅಂದ ಅಣ್ಣ, ಮೇಜಿನಿಂದ.

ಅಜ್ಜಿಯ ಕೈ ನಿಂತುಹೋಯಿತು. ನಿಧಾನಕ್ಕೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಮಡಚುತ್ತಿದ್ದ ಟವೆಲ್ಲನ್ನೇ ಮುಖಕ್ಕೆ ಒತ್ತಿಕೊಂಡರು. ಪುಟ್ಟಿಗೆ ಅದು ಕಣ್ಣಾಮುಚ್ಚಾಲೆ ಅನಿಸಿರಬೇಕು. ಕಿಲಕಿಲ ನಕ್ಕು ದೊಪ್ಪನೆ ಬಟ್ಟೆ ರಾಶಿಯೊಳಗೆ ಕೂತಳು.

"ಇನ್ನೂ ನಡೀತಿಲ್ವಾ?" ಅಂತ ಪ್ರೀತಿಯಿಂದ ಕೇಳಿದವರು ತುಂಬ ಜನ. ಕೆಲವು ಮಕ್ಕಳು 9 ತಿಂಗಳಿಗೇ ನಡೆಯುತ್ತವೆ, ಕೆಲವು 18 ತಿಂಗಳ ಹೊತ್ತಿಗೆ. ಅದಕ್ಕೇ ಎಷ್ಟು ತಿಂಗಳಿಗೆ ಅಂತ ಇಲ್ಲಿ ಬರೆಯುತ್ತಿಲ್ಲ. ಅವಳು ನಮಗೆ ನಡೆದು ತೋರಿಸಲಿಲ್ಲ. ಅಜ್ಜಿ ಹತ್ತಿರ ಹೋಗಬೇಕಿತ್ತು, ಹೋದಳು ಅಷ್ಟೇ. ನನಗೆ ನೆನಪಿಟ್ಟುಕೊಳ್ಳಬೇಕು ಅನಿಸುವುದೂ ಅದೇ. ಜೊತೆಗೆ ಆ ಟವೆಲ್ಲು, ಅಪ್ಪನ ಕೈಯಲ್ಲಿದ್ದ ಶೂ, ಹೋಮ್‌ವರ್ಕ್ ಬಿಟ್ಟು ಓಡಿ ಬಂದ ಅಣ್ಣ ತಂಗಿಯ ಪಾದವನ್ನು ತಿರುಗಿಸಿ ತಿರುಗಿಸಿ ನೋಡಿದ್ದು.

ಮತ್ತೆ ನಡೆಸಿ ನೋಡೋಣ ಅಂತ ಯಾರೂ ಅನ್ನಲಿಲ್ಲ. ಅವಳಿಗೆ ಕ್ಲಿಪ್ಪು ಸಾಕಾಗಿತ್ತು, ಈಗ ಕಾಲುಚೀಲ ಬೇಕಿತ್ತು.

ಮಡಚಿದ ಬಟ್ಟೆಯೆಲ್ಲ ಕೆದರಿಹೋಗಿತ್ತು. ಅಜ್ಜಿ ಮತ್ತೆ ಮೊದಲಿಂದ ಮಡಚಲು ಕೂತರು. ಈ ಸಲ ಸೋಫಾ ಕಡೆಗೆ ಮುಖ ಮಾಡಿ.