ಅಕ್ಟೋಬರ್ ಇನ್ವಾಯ್ಸ್‌ಗೆ ಮೊದಲು: ಪೇಮೆಂಟ್ ಅವಧಿ, ಬಿಲ್ಲಿಂಗ್ ವಿಳಾಸ, W-8BEN

ನಮಸ್ಕಾರ ಶ್ರೀಧರ್ ಸರ್,

ಹಬ್ಬ ಚೆನ್ನಾಗಿ ಆಯ್ತಾ? ಅಕೌಂಟ್ಸ್‌ನವರಿಗೆ ಹೋದ ವಾರವೇ ಇಂಗ್ಲಿಷಿನಲ್ಲಿ ಮೇಲ್ ಹಾಕಿದ್ದೆ, ಇನ್ನೂ ಉತ್ತರ ಬಂದಿಲ್ಲ. ನಾವು ಎಲ್ಲ ಮಾತಾಡಿದ್ದು ಕನ್ನಡದಲ್ಲೇ ಅಲ್ವಾ, ಹಾಗಾಗಿ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ. ಅಕ್ಟೋಬರ್ 6ರಿಂದ ಕೆಲಸ ಶುರುವಾಗಿದೆ, 31ಕ್ಕೆ ಮೊದಲ ಇನ್ವಾಯ್ಸ್ ಕಳಿಸಬೇಕು. ಅಷ್ಟರೊಳಗೆ ಮೂರು ವಿಷಯ ಬಗೆಹರಿಯಬೇಕು.

ಮೊದಲು ದುಡ್ಡಿನ ಅವಧಿ. ಕಾಲ್‌ನಲ್ಲಿ ನೀವು ನೆಟ್ 30 ಅಂದಿದ್ರಿ. ಕರಾರಿನ ಡ್ರಾಫ್ಟ್‌ನಲ್ಲಿ ನೆಟ್ 60 ಅಂತಿದೆ, ಅದೂ ಇನ್ವಾಯ್ಸ್ ತಾರೀಖಿನಿಂದ ಅಲ್ಲ, ಅಪ್ರೂವ್ ಆದ ದಿನದಿಂದ. ಅಪ್ರೂವ್ ಮಾಡಲು ಎಷ್ಟು ದಿನ ಅನ್ನೋದು ಎಲ್ಲೂ ಬರೆದಿಲ್ಲ. ಎರಡು ವಾರ ಹಿಡಿಯಿತು ಅಂದುಕೊಂಡರೂ ಅಕ್ಟೋಬರ್ ಕೆಲಸದ ದುಡ್ಡು ನನ್ನ ಕೈಗೆ ಬರೋದು ಜನವರಿ ಮಧ್ಯಕ್ಕೆ, ಅಷ್ಟರಲ್ಲಿ ನಾನು ಮೂರು ತಿಂಗಳ ಕೆಲಸ ಸಾಲದ ಮೇಲೆ ಮಾಡಿಕೊಟ್ಟಂತೆ ಆಗುತ್ತದೆ. ಇದು ನನಗೆ ಆಗುವುದಿಲ್ಲ ಸರ್. ಇನ್ವಾಯ್ಸ್ ತಾರೀಖಿನಿಂದ 30 ದಿನ, ಏಳು ದಿನದೊಳಗೆ ತಕರಾರು ಬರದಿದ್ದರೆ ಅಪ್ರೂವ್ ಆದ ಹಾಗೆ ಅಂತ ಬರೆಸಿಕೊಡಿ. ಈ ಲೆಕ್ಕದಲ್ಲಿ ಮೊದಲ ಪೇಮೆಂಟ್ ನವೆಂಬರ್ 30ಕ್ಕೆ ಬೀಳುತ್ತದೆ. ಅವತ್ತು ಭಾನುವಾರ, ಸೋಮವಾರ ಕಳಿಸಿದರೂ ನಡೆಯುತ್ತದೆ. ತಿಂಗಳಿಗೆ 3,800 ಡಾಲರ್‌ಗೆ ಒಪ್ಪಿದ್ದೇನೆ, ಅದರ ಬಗ್ಗೆ ಮತ್ತೆ ಚೌಕಾಸಿ ಮಾಡುತ್ತಿಲ್ಲ.

ಎರಡನೆಯದು ನೀವು ಬಹುಶಃ ಗಮನಿಸಿರಲಿಕ್ಕಿಲ್ಲ. ಕರಾರು ಇರೋದು ನಿಮ್ಮ ಅಮೆರಿಕದ ಕಂಪನಿಯ ಜೊತೆ, ಆದರೆ ವೆಂಡರ್ ಪೋರ್ಟಲ್‌ನಲ್ಲಿ ಬಿಲ್ಲಿಂಗ್ ವಿಳಾಸ ನಿಮ್ಮ ಬೆಂಗಳೂರು ಆಫೀಸಿನದು. ಸಣ್ಣ ವಿಷಯ ಅನ್ನಿಸಬಹುದು, ಆದರೆ ತೆರಿಗೆ ಪೂರ್ತಿ ಬದಲಾಗುತ್ತದೆ. ಅಮೆರಿಕದ ಕಂಪನಿಗೆ ಬಿಲ್ ಮಾಡಿ ಡಾಲರ್‌ನಲ್ಲಿ ಬಂದರೆ ಅದು ಸೇವಾ ರಫ್ತು. ನಾನು ಜಿಎಸ್‌ಟಿ ನೋಂದಣಿ ಮಾಡಿಸಿದ್ದೇನೆ, 2025-26ರ ಎಲ್‌ಯುಟಿಯನ್ನೂ ಹಾಕಿದ್ದೇನೆ, ಹಾಗಾಗಿ ತೆರಿಗೆ ಸೇರಿಸದೆ ಬಿಲ್ ಮಾಡಬಹುದು. ಬೆಂಗಳೂರಿನವರ ಹೆಸರಿಗೆ ಬಿಲ್ ಮಾಡಿ ಅವರೇ ರೂಪಾಯಿಯಲ್ಲಿ ಕೊಟ್ಟರೆ ಅದು ರಫ್ತೇ ಅಲ್ಲ. ನಾನು 18% ಜಿಎಸ್‌ಟಿ ಸೇರಿಸಲೇಬೇಕು, ಅವರು ಟಿಡಿಎಸ್ ಹಿಡಿಯಬೇಕು. ಯಾರು ಕೊಡುತ್ತಾರೆ ಅಂತ ಒಂದೇ ಮಾತು ಹೇಳಿಸಿ. ಅಮೆರಿಕದವರೇ ಆದರೆ ಪೋರ್ಟಲ್‌ನಲ್ಲಿ ವಿಳಾಸ ಬದಲಿಸಲು ಹೇಳಿ, ಇನ್ವಾಯ್ಸ್ ಕಳಿಸಿದ ಮೇಲೆ ತಿದ್ದುವುದು ದೊಡ್ಡ ತಲೆನೋವು.

ದುಡ್ಡು ಕಳಿಸುವಾಗ ವೈರ್ ಚಾರ್ಜ್ ನಿಮ್ಮ ಕಡೆಯೇ ಇರಲಿ, ಅಂದರೆ ಬ್ಯಾಂಕಿನ ಫಾರ್ಮ್‌ನಲ್ಲಿ OUR ಅಂತ ಆರಿಸಲು ಹೇಳಿ. SHA ಇಟ್ಟರೆ ದಾರಿಯಲ್ಲಿ ಸಿಗುವ ಬ್ಯಾಂಕ್ ಒಂದಿಷ್ಟು ಕತ್ತರಿಸಿಕೊಳ್ಳುತ್ತದೆ, ಆಮೇಲೆ ಇನ್ವಾಯ್ಸ್‌ನಲ್ಲಿ ಒಂದು ಮೊತ್ತ, ಇಲ್ಲಿನ ಬ್ಯಾಂಕ್ ಕೊಡುವ ರಸೀದಿಯಲ್ಲಿ ಇನ್ನೊಂದು. ನಮ್ಮ ಆಡಿಟರ್ ಪ್ರತಿ ತಿಂಗಳು ಅದನ್ನೇ ಕೇಳುತ್ತಾರೆ. ಪರ್ಪಸ್ ಕೋಡ್ P0802, ಇನ್ವಾಯ್ಸ್‌ನಲ್ಲೂ ಹಾಕಿರುತ್ತೇನೆ.

ಮೂರನೆಯದು ಫಾರ್ಮ್. ಪೋರ್ಟಲ್ W-9 ಕೇಳುತ್ತಿದೆ, ಕೊಡದಿದ್ದರೆ ದುಡ್ಡಿನಲ್ಲಿ ತೆರಿಗೆ ಕಡಿತ ಆಗಬಹುದು ಅಂತಲೂ ತೋರಿಸುತ್ತಿದೆ. W-9 ಅಮೆರಿಕದ ಪ್ರಜೆಗಳು, ಅಲ್ಲಿನ ತೆರಿಗೆ ನಿವಾಸಿಗಳಿಗೆ. ಅದಕ್ಕೆ ಸಹಿ ಹಾಕಿದರೆ ನಾನು ಅಮೆರಿಕದವಳು ಅಂತ ಸುಳ್ಳು ಪ್ರಮಾಣ ಮಾಡಿದ ಹಾಗೆ. ನನ್ನಂಥವರು ಕೊಡಬೇಕಾದ್ದು W-8BEN, ತುಂಬಿ ಸಹಿ ಹಾಕಿ ಇದರ ಜೊತೆ ಲಗತ್ತಿಸಿದ್ದೇನೆ. ವಿದೇಶಿ ತೆರಿಗೆ ಸಂಖ್ಯೆಯ ಜಾಗದಲ್ಲಿ ನನ್ನ ಪ್ಯಾನ್ ಇದೆ. ಇದನ್ನು ಐಆರ್‌ಎಸ್‌ಗೆ ಕಳಿಸಬೇಕಾಗಿಲ್ಲ, ನಿಮ್ಮ ಕಂಪನಿಯ ಫೈಲಿನಲ್ಲಿದ್ದರೆ ಸಾಕು. ಈ ವರ್ಷ ಸಹಿ ಮಾಡಿದ್ದು, ವಿವರ ಬದಲಾಗದಿದ್ದರೆ 2028ರ ಡಿಸೆಂಬರ್ 31ರವರೆಗೆ ನಡೆಯುತ್ತದೆ.

ಅಕೌಂಟ್ಸ್‌ನವರು 30% ತೆರಿಗೆ ಹಿಡಿಯುವ ಮಾತೆತ್ತಿದರೆ ಒಂದು ಹೇಳಿ: ಕೆಲಸ ಪೂರ್ತಿ ಮೈಸೂರಿನಲ್ಲಿ ಕೂತು ಮಾಡುತ್ತಿರೋದು, ಹಾಗಾಗಿ ಇದು ಅಮೆರಿಕದಲ್ಲಿ ಹುಟ್ಟಿದ ಆದಾಯವಲ್ಲ. ಆ ಕಡಿತವೂ ಬರಲ್ಲ, 1099-NEC ಕೂಡ ಬೇಕಾಗಿಲ್ಲ. ಇಲ್ಲಿನ ಆದಾಯ ತೆರಿಗೆ ನಾನೇ ಕಟ್ಟುತ್ತೇನೆ. ಮಾರ್ಚ್‌ನಲ್ಲಿ ಟೀಮ್ ಮೀಟ್‌ಗೆ ಆಸ್ಟಿನ್‌ಗೆ ಕರೆಸುತ್ತೀರಿ ಅಂದಿದ್ರಲ್ಲ, ಅಲ್ಲಿ ಕೂತು ಕೆಲಸ ಮಾಡಿದರೆ ಆ ದಿನಗಳ ಲೆಕ್ಕ ಬೇರೆ. ವೀಸಾ ಮಾತು ಬಂದಾಗ ಅದನ್ನೂ ಕೇಳೋಣ.

ಮಂಗಳವಾರ, 28ರೊಳಗೆ ತಿದ್ದಿದ ಡ್ರಾಫ್ಟ್ ಬಂದರೆ ಅವತ್ತೇ ಸಹಿ ಹಾಕಿ ಕಳಿಸುತ್ತೇನೆ. ನಿಮ್ಮ ಬೆಳಿಗ್ಗೆ ಎಂಟರ ಹೊತ್ತಿಗೆ, ಅಂದರೆ ಇಲ್ಲಿ ಸಂಜೆ ಆರೂವರೆಗೆ, ಅಕೌಂಟ್ಸ್‌ನವರನ್ನೂ ಸೇರಿಸಿ ಹತ್ತು ನಿಮಿಷದ ಕಾಲ್ ಇಟ್ಟರೂ ಆಗುತ್ತದೆ. ಚೆಕ್‌ಔಟ್ ಪೇಜಿನ ಕೆಲಸ ಮಾತ್ರ ನಿಲ್ಲಿಸಿಲ್ಲ, ಇವತ್ತಿನ ಬಿಲ್ಡ್ ಸ್ಟೇಜಿಂಗ್‌ನಲ್ಲಿದೆ, ಬಿಡುವಾದಾಗ ನೋಡಿ.

ಪಲ್ಲವಿ
ಮೈಸೂರು, 23 ಅಕ್ಟೋಬರ್ 2025

ಲಗತ್ತು: ಸಹಿ ಮಾಡಿದ W-8BEN, ಎಲ್‌ಯುಟಿ ಪ್ರತಿ, ಇನ್ವಾಯ್ಸ್ ಮಾದರಿ